ಪರೀಕ್ಷೆ ದಿನ ಬೆಳಗ್ಗೆಯೇ ಹೊಟ್ಟೆ ಕೆಡುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಹತ್ತಿರ ಬಂದಾಗ ವಿಜಯಪುರದ ನಮ್ಮ ಕ್ಲಿನಿಕ್‌ಗೆ ಒಂದೇ ಥರದ ತೊಂದರೆ ಹೇಳಿಕೊಂಡು ಬರುವ ಮಕ್ಕಳು ಜಾಸ್ತಿಯಾಗುತ್ತಾರೆ. ಜೊತೆಗೆ ಬಂದ ತಾಯಂದಿರ ಮಾತೂ ಹೆಚ್ಚುಕಮ್ಮಿ ಒಂದೇ: "ಬ್ಯಾರೆ ದಿನ ಆರಾಮ ಇರ್ತಾಳ್ರಿ. ಪರೀಕ್ಷಾ ಇದ್ದ ದಿವ್ಸ ಅಷ್ಟ ಹೊಟ್ಟಿ ಕಡೀತದ, ನಾಕ್ ಸಲ ಸಂಡಾಸಕ್ಕ ಹೋಗ್ತಾಳ." ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಹೊರಗಿನದ್ದು ಏನೂ ತಿಂದಿಲ್ಲ, ಜ್ವರವೂ ಇಲ್ಲ. ಆದರೂ ಜುಲಾಬು ಹೇಗೆ?

ಭೇದಿಯಾಗಲು ರೋಗಾಣು ಬೇಕೇ ಬೇಕು ಎಂದು ನಾವು ಅಂದುಕೊಂಡಿದ್ದೇವೆ. ಹಾಗೇನಿಲ್ಲ. ದೊಡ್ಡ ಕರುಳು ತನ್ನ ಕೆಲಸವನ್ನು ಅವಸರದಲ್ಲಿ ಮಾಡಿದರೆ ಅಷ್ಟೇ ಸಾಕು.

ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರಿನಂಶ ಬರುತ್ತದೆ. ದೊಡ್ಡ ಕರುಳು ಅದರಲ್ಲಿ ಹೆಚ್ಚಿನ ಭಾಗವನ್ನು ಹೀರಿಕೊಂಡು, 100–200 ಮಿಲಿಯಷ್ಟನ್ನು ಮಾತ್ರ ಮಲದ ಜೊತೆ ಹೊರಗೆ ಬಿಡುತ್ತದೆ. ಹೀರಿಕೊಳ್ಳಲು ಅದಕ್ಕೆ ಸಮಯ ಬೇಕು. ಹೊಲಕ್ಕೆ ಬಿಟ್ಟ ನೀರು ನಿಧಾನಕ್ಕೆ ಹರಿದರೆ ಇಂಗುತ್ತದೆ, ರಭಸದಿಂದ ಹರಿದರೆ ಒಡ್ಡು ದಾಟಿ ಹೋಗುತ್ತದೆ. ಕರುಳಿನಲ್ಲೂ ಹಾಗೇ ಆಗುತ್ತದೆ.

ಈ ರಭಸ ಶುರುವಾಗುವುದು ಮೆದುಳಿನಲ್ಲಿ. ಭಯವಾದಾಗ ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಸಿಆರ್‌ಎಫ್ ಎಂಬ ರಾಸಾಯನಿಕ ಬಿಡುತ್ತದೆ. ಆ ಸೂಚನೆ ನರಗಳ ಮೂಲಕ ಹೊಟ್ಟೆಗೆ ಹೋಗಿ ಎರಡು ಕಡೆ ಎರಡು ರೀತಿ ಕೆಲಸ ಮಾಡುತ್ತದೆ. ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ವೇಗವಾಗುತ್ತದೆ. ಅದಕ್ಕೇ ಮಕ್ಕಳು "ತಿಂದದ್ದು ಎದೆಯಲ್ಲೇ ಕೂತಂಗಾಗೇದ, ಆದ್ರ ಕೆಳಗ ಅವಸರ" ಎಂದು ವಿಚಿತ್ರವಾಗಿ ಹೇಳುತ್ತಾರೆ. ಕೇಳಿದವರಿಗೆ ಸುಳ್ಳು ಅನ್ನಿಸಬಹುದು. ಆದರೆ ದೇಹದಲ್ಲಿ ನಡೆಯುತ್ತಿರುವುದು ನಿಖರವಾಗಿ ಅದೇ.

ಕರುಳಿನ ಗೋಡೆಯಲ್ಲಿ ಅದರದ್ದೇ ಆದ ನರಗಳ ದೊಡ್ಡ ಜಾಲವಿದೆ. ಹತ್ತು ಕೋಟಿಗೂ ಹೆಚ್ಚು ನರಕೋಶಗಳು ಅಲ್ಲಿವೆ. ನಮ್ಮ ದೇಹದ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ ಸುಮಾರು 90 ಭಾಗ ತಯಾರಾಗುವುದೂ ಕರುಳಿನಲ್ಲೇ. ಕರುಳು ಯಾವಾಗ ಹಿಂಡಬೇಕು, ಎಷ್ಟು ರಸ ಸುರಿಸಬೇಕು ಎಂಬುದರಲ್ಲಿ ಅದರ ಪಾತ್ರ ದೊಡ್ಡದು. ಹೀಗೆ ಮೆದುಳಿನ ಭಯ ನೇರ ಹೊಟ್ಟೆಗೆ ಇಳಿಯಲು ದಾರಿ ಮೊದಲೇ ಇದೆ.

ಓದಿಲ್ಲ ಅಂತ ನೆಪ ಹೇಳ್ತಿರಬಹುದಲ್ವಾ?

ಇಲ್ಲ. ಬೇಕೆಂದಾಗ ಭೇದಿ ಮಾಡಿಕೊಳ್ಳಲು ಯಾರಿಗೂ ಬರುವುದಿಲ್ಲ. ಚೆನ್ನಾಗಿ ಓದಿದ ಮಕ್ಕಳಲ್ಲೂ ಇದು ಅಷ್ಟೇ ಕಾಣುತ್ತದೆ. ದಯವಿಟ್ಟು ಮಗುವಿನ ಮುಂದೆ ಈ ಮಾತು ಆಡಬೇಡಿ. "ನನ್ನನ್ನ ನಂಬೋದಿಲ್ಲ" ಎಂಬ ಚಿಂತೆಯೂ ಸೇರಿದರೆ ಕರುಳಿಗೆ ಹೋಗುವ ಸೂಚನೆ ಇನ್ನಷ್ಟು ಜೋರಾಗುತ್ತದೆ.

ಜುಲಾಬು ಸರಿ, ಹೊಟ್ಟೆ ಯಾಕೆ ಅಷ್ಟು ಕಡಿಯುತ್ತದೆ?

ಎರಡು ಕಾರಣ. ಕರುಳಿನ ಸ್ನಾಯು ಒಂದು ಕಡೆ ಬಿಗಿಯಾಗಿ ಹಿಂಡಿದಾಗ ಗಾಳಿ, ಮಲ ಅದರ ಹಿಂದೆ ಸಿಕ್ಕಿಕೊಂಡು ಆ ಜಾಗ ಉಬ್ಬುತ್ತದೆ. ಅದೇ ನುಲಿದಂಥ ನೋವು. ಒಮ್ಮೆ ಹೋಗಿ ಬಂದರೆ ಅಥವಾ ಗಾಳಿ ಹೋದರೆ ಹಗುರವಾಗುವುದು ಅದಕ್ಕೇ.

ಇನ್ನೊಂದು ಕಾರಣ, ಆತಂಕದಲ್ಲಿ ನೋವಿನ ನರಗಳೇ ಚುರುಕಾಗುತ್ತವೆ. ಬೇರೆ ದಿನ ಗಮನಕ್ಕೇ ಬರದಷ್ಟು ಸಣ್ಣ ಹಿಂಡುವಿಕೆ ಅಂದು ಕಡಿತವಾಗಿ ಗೊತ್ತಾಗುತ್ತದೆ. ಅದೇ ಹೊಟ್ಟೆಯ ಮೇಲೇ ಗಮನವಿಟ್ಟು ಕೂತರೆ ನೋವು ಮತ್ತೂ ದೊಡ್ಡದಾಗುತ್ತದೆ.

ಬೆಳಗ್ಗೆಯೇ ಯಾಕೆ? ಮಧ್ಯಾಹ್ನ ಪೇಪರ್ ಮುಗಿಸಿ ಬಂದರೆ ಏನೂ ಇರುವುದಿಲ್ಲವಲ್ಲ?

ಇದೇ ಮುಖ್ಯವಾದ ಪ್ರಶ್ನೆ. ಇದರ ಉತ್ತರ ತಿಳಿದರೆ ಅರ್ಧ ದಾರಿ ಸಿಕ್ಕಂತೆ.

ದೊಡ್ಡ ಕರುಳು ರಾತ್ರಿ ಮಲಗಿರುತ್ತದೆ, ನಾವು ಎದ್ದ ಮೇಲೆ ಅದೂ ಏಳುತ್ತದೆ. ಹೊಟ್ಟೆಗೆ ಊಟ ಬಿದ್ದ ಕೂಡಲೇ ಅದು ಮತ್ತೆ ಜೋರಾಗಿ ಹಿಂಡುತ್ತದೆ. ಹೊಸದಕ್ಕೆ ಜಾಗ ಮಾಡಿಕೊಡುವ ಸಹಜ ಪ್ರತಿಕ್ರಿಯೆ ಅದು. ತಿಂದ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಹೋಗಬೇಕೆನ್ನಿಸುವುದು ಅದರಿಂದಲೇ. ಚಹಾದಲ್ಲಿನ ಕೆಫೀನ್ ಕೆಲವರಲ್ಲಿ ಇದನ್ನು ಇನ್ನೂ ಹೆಚ್ಚಿಸುತ್ತದೆ. ಬೇರೆ ದಿನ ಇವೆಲ್ಲ ತಮ್ಮ ತಮ್ಮ ಸಮಯಕ್ಕೆ ಆಗಿ ಮುಗಿಯುತ್ತವೆ. ಪರೀಕ್ಷೆ ದಿನ ಇವುಗಳ ಮೇಲೆ ಭಯವೂ ಬಂದು ಕೂರುತ್ತದೆ.

ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದ ಒಬ್ಬ ಹುಡುಗಿಯ ಬೆಳಗನ್ನು ನೋಡೋಣ. ದ್ವಿತೀಯ ಪಿಯು, ವಿಜ್ಞಾನ. ಪೂರ್ವಸಿದ್ಧತಾ ಪರೀಕ್ಷೆಯ ಮೂರು ಪೇಪರ್‌ಗಳಲ್ಲೂ ಹೊಟ್ಟೆ ಕೈಕೊಟ್ಟಿತ್ತು. ಏನೇನು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಬಾ ಎಂದೆ. ಅವಳು ತಂದ ಹಾಳೆಯಲ್ಲಿ ಹೀಗಿತ್ತು: ರಾತ್ರಿ ಒಂದರ ತನಕ ಓದು, ನಡುವೆ ಮೂರು ಸಲ ಚಹಾ. ಬೆಳಗ್ಗೆ ಏಳಕ್ಕೆ ಎದ್ದು ಖಾಲಿ ಹೊಟ್ಟೆಗೆ ಚಹಾ. ಎಂಟೂವರೆ ತನಕ ಪುಸ್ತಕ. ಆಮೇಲೆ ಅವಸರದಲ್ಲಿ ಉಪ್ಪಿಟ್ಟು. ಪರೀಕ್ಷೆಗೆ ಶಕ್ತಿ ಬರಲಿ ಎಂದು ದೊಡ್ಡ ಲೋಟ ಹಾಲು, ಅದೂ ಪರೀಕ್ಷೆ ಇದ್ದ ದಿನ ಮಾತ್ರ. ಎಂಟು ಐವತ್ತಕ್ಕೆ ಮೊದಲ ಸಲ, ಗಟ್ಟಿಯಾಗಿಯೇ. ಒಂಬತ್ತೂ ಹತ್ತಕ್ಕೆ ಎರಡನೇ ಸಲ, ಸಡಿಲ. ಒಂಬತ್ತೂ ಇಪ್ಪತ್ತಕ್ಕೆ ಆಟೋ. ದಾರಿಯುದ್ದಕ್ಕೂ ಕಡಿತ. ಹಾಲ್‌ನಲ್ಲಿ ಕೂತು ಮೊದಲ ಅರ್ಧ ಗಂಟೆ "ಮತ್ತೆ ಬಂದರೆ ಏನು ಮಾಡಲಿ" ಎಂಬ ಒಂದೇ ಯೋಚನೆ.

ಆ ಹಾಳೆಯಲ್ಲೇ ಎಲ್ಲ ಇದೆ. ಕರುಳು ಏಳುವ ಹೊತ್ತು, ಚಹಾ, ಊಟ, ರೂಢಿಯಿಲ್ಲದ ಹಾಲು, ಮನೆ ಬಿಡುವ ಗಡಿಬಿಡಿ, ಭಯ. ಆರೂ ಎರಡೂವರೆ ಗಂಟೆಯೊಳಗೆ ಬಂದಿವೆ.

ನಾವು ಭಯ ತೆಗೆಯಲು ಹೋಗಲಿಲ್ಲ, ಉಳಿದವನ್ನು ಹಿಂದಕ್ಕೆ ಸರಿಸಿದೆವು. ರಾತ್ರಿ ಹನ್ನೊಂದರೊಳಗೆ ಮಲಗುವುದು. ಸಂಜೆ ಐದರ ನಂತರ ಚಹಾ ಇಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಒಂದು ಲೋಟ ಬೆಚ್ಚಗಿನ ನೀರು, ಆರೂವರೆಯೊಳಗೆ ತಿಂಡಿ. ತಿಂದು ಹದಿನೈದು–ಇಪ್ಪತ್ತು ನಿಮಿಷಕ್ಕೆ ಸಂಡಾಸಕ್ಕೆ ಹೋಗಿ ಕೂರುವುದು, ತಿಣುಕದೆ, ಫೋನ್ ಇಲ್ಲದೆ, ಹತ್ತು ನಿಮಿಷ ಮಾತ್ರ. ಚಹಾ ಬೇಕೇ ಬೇಕೆಂದರೆ ತಿಂಡಿ ಜೊತೆಗೇ ಅರ್ಧ ಕಪ್. ಎಂಟೂವರೆಗೆ ಹಸಿವಾದರೆ ಒಂದು ಬಾಳೆಹಣ್ಣು.

ಇದನ್ನು ಪರೀಕ್ಷೆ ದಿನ ಹೊಸದಾಗಿ ಶುರು ಮಾಡಿದರೆ ಫಲವಿಲ್ಲ. ಕರುಳು ಹೊಸ ಸಮಯಕ್ಕೆ ಹೊಂದಿಕೊಳ್ಳಲು ಎರಡು ವಾರ ಕೊಡಿ. ಅವಳು ಫೆಬ್ರವರಿ ಕೊನೆಯಿಂದಲೇ ರೂಢಿ ಮಾಡಿಕೊಂಡಳು. ಬಹಳ ಪೇಪರ್‌ಗಳಿಗೆ ಏಳರೊಳಗೆ ಹೊಟ್ಟೆ ಖಾಲಿಯಾಗಿ, ಮನೆ ಬಿಡುವಾಗ ಹಗುರವಾಗಿದ್ದಳು. ಭೌತಶಾಸ್ತ್ರದ ದಿನ ಮಾತ್ರ ಒಂಬತ್ತಕ್ಕೆ ಮತ್ತೊಮ್ಮೆ ಹೋಗಬೇಕಾಯಿತು, ಕಡಿತವೂ ಬಂತು. ಆದರೆ ಒಳಗೆ ಉಳಿದಿದ್ದೇ ಕಡಿಮೆ ಇದ್ದದ್ದರಿಂದ ಹಾಲ್‌ನಲ್ಲಿ ಏಳುವ ಪ್ರಸಂಗ ಬರಲಿಲ್ಲ. ಈ ಕ್ರಮದಿಂದ ಇಷ್ಟನ್ನು ನಿರೀಕ್ಷಿಸಬಹುದು. ತೊಂದರೆ ಪೂರ್ತಿ ನಿಲ್ಲುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹಾಗಾದರೆ ಏನೂ ತಿನ್ನದೆ ಹೋದರೆ ಒಳ್ಳೆಯದಲ್ವಾ?

ಬೇಡ. ಮೆದುಳಿನ ಸೂಚನೆಗೆ ಊಟದ ಹಂಗಿಲ್ಲ. ನಿನ್ನೆ ತಿಂದದ್ದು ದೊಡ್ಡ ಕರುಳಿನಲ್ಲಿ ಇದ್ದೇ ಇರುತ್ತದೆ, ಹೋಗುವುದು ಅದೇ. ಖಾಲಿ ಹೊಟ್ಟೆಯಲ್ಲಿ ಮೂರು ಗಂಟೆ ಕೂತರೆ ಕೈ ನಡುಕ, ತಲೆಸುತ್ತು ಬರಬಹುದು. ಆ ನಡುಕವನ್ನೇ ಮಗು ಭಯವೆಂದು ತಿಳಿದುಕೊಂಡು ಇನ್ನೂ ಹೆದರುತ್ತದೆ.

ಏನು ತಿನ್ನಬೇಕು? ರೊಟ್ಟಿ ಬಿಡಬೇಕಾ?

ರೊಟ್ಟಿ ಬಿಡುವ ಅಗತ್ಯವಿಲ್ಲ. ದಿನಾ ತಿಂದು ಒಗ್ಗಿದ್ದೇ ಪರೀಕ್ಷೆ ದಿನಕ್ಕೂ ಒಳ್ಳೆಯದು. ಗಮನಿಸಬೇಕಾದದ್ದು ರೊಟ್ಟಿ ಜೊತೆ ಇರುವುದನ್ನು. ಹಸಿಮೆಣಸಿನಕಾಯಿ ಖಾರ, ರಂಜಕ, ಸಂಜೆಯ ಮಿರ್ಚಿ ಭಜಿ ಇವುಗಳಲ್ಲಿನ ಖಾರದಂಶ ಕರುಳಿನ ನೋವಿನ ನರಗಳನ್ನು ನೇರವಾಗಿ ಕೆಣಕುತ್ತದೆ. ಖಾರ ತಿಂದು ಬೆಳೆದ ನಮ್ಮ ಮಕ್ಕಳಿಗೆ ಬೇರೆ ದಿನ ಅದು ಏನೂ ಮಾಡದಿರಬಹುದು. ಆತಂಕದಿಂದ ನರಗಳು ಆಗಲೇ ಚುರುಕಾಗಿರುವಾಗ ಅದೇ ಖಾರ ಕಡಿತ ತರುತ್ತದೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನದಿಂದ ಖಾರ ಕಡಿಮೆ ಮಾಡಿದರೆ ಸಾಕು. ಮಡಿಕೆ ಕಾಳು, ಕಡಲೆಯಂಥ ವಾಯು ಮಾಡುವ ಕಾಳಿನ ಪಲ್ಯವನ್ನೂ ಅಂದು ರಾತ್ರಿ ಬಿಡಿ.

ಬೆಳಗ್ಗೆ ಮೆತ್ತನೆಯ ಅನ್ನ–ಮೊಸರು, ಖಾರ ಕಡಿಮೆಯ ಉಪ್ಪಿಟ್ಟು, ಇಡ್ಲಿ ನಡೆಯುತ್ತದೆ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಕೊಟ್ಟರೆ ಬಹಳ ಮಕ್ಕಳಿಗೆ ಹಿಡಿಸುತ್ತದೆ.

ಹಾಲಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಹಳ ಜನರಿಗೆ ದೊಡ್ಡವರಾಗುತ್ತ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕಡಿಮೆಯಾಗುತ್ತದೆ. ಚಹಾದಲ್ಲಿನ ಸ್ವಲ್ಪ ಹಾಲು ಏನೂ ಮಾಡುವುದಿಲ್ಲ, ದೊಡ್ಡ ಲೋಟ ಒಮ್ಮೆಲೇ ಕುಡಿದರೆ ಗುಡುಗುಡು, ಗಾಳಿ, ಸಡಿಲ ಭೇದಿ. ದಿನಾ ಕುಡಿದು ಏನೂ ಆಗದ ಮಗುವಿಗೆ ಕೊಡಿ. ಪರೀಕ್ಷೆ ಎಂದು ಹೊಸದಾಗಿ ಶುರು ಮಾಡಬೇಡಿ. ಮೊಸರು, ಮಜ್ಜಿಗೆಯಲ್ಲಿ ಆ ಸಕ್ಕರೆ ಕಡಿಮೆ.

ಎನರ್ಜಿ ಡ್ರಿಂಕ್ ಬೇಡ. ಕೆಫೀನ್, ಸಕ್ಕರೆ ಎರಡೂ ಅದರಲ್ಲಿ ಜಾಸ್ತಿ, ಎರಡೂ ಸಡಿಲ ಮಾಡುತ್ತವೆ.

ಇದು ಭಯದ್ದೋ, ನಿಜವಾದ ಸೋಂಕೋ ಎಂದು ಮನೆಯಲ್ಲೇ ಹೇಗೆ ಗುರುತಿಸುವುದು?

ಭಯದಿಂದ ಬರುವ ಭೇದಿಗೆ ಗಡಿಯಾರ, ಕ್ಯಾಲೆಂಡರ್ ಎರಡೂ ಗೊತ್ತು. ಪರೀಕ್ಷೆ ದಿನ ಬರುತ್ತದೆ, ಪೇಪರ್ ಕೈಗೆ ಬಂದ ಮೇಲೋ ಮುಗಿದ ಮೇಲೋ ಹೋಗುತ್ತದೆ. ರಜೆ ದಿನ ಇರುವುದಿಲ್ಲ. ಮೊದಲು ಗಟ್ಟಿ, ಆಮೇಲೆ ಸಡಿಲ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ. ನಿದ್ದೆಯಿಂದ ಎಬ್ಬಿಸುವುದಿಲ್ಲ.

ಸೋಂಕಿನದು ಹಾಗಲ್ಲ. ನಡುರಾತ್ರಿ ಎಬ್ಬಿಸುತ್ತದೆ, ನೀರಿನಂತೆ ಬಹಳ ಹೋಗುತ್ತದೆ, ಪೇಪರ್ ಮುಗಿದರೂ ನಿಲ್ಲುವುದಿಲ್ಲ. ಜ್ವರ, ವಾಂತಿ ಇರಬಹುದು. ರೂಮ್‌ಮೇಟ್‌ಗೂ ಮನೆಯವರಿಗೂ ಅದೇ ಆಗಿರಬಹುದು. ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಊಟ ಬೇಗ ಹಳಸುತ್ತದೆ. ಹಾಗಾಗಿ ಪರೀಕ್ಷೆ ಕಾಲದ ಭೇದಿಯೆಲ್ಲ ಭಯದ್ದೇ ಎಂದು ತೀರ್ಮಾನಿಸಬೇಡಿ.

ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಯಾವುದೊಂದು ಇದ್ದರೂ ವೈದ್ಯರಿಗೆ ತೋರಿಸಲೇಬೇಕು. ನೋವು ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ, ನಡೆದರೆ ಕೆಮ್ಮಿದರೆ ಜಾಸ್ತಿಯಾದರೆ, ಊಟವೇ ಬೇಡವೆನಿಸಿದರೆ ಅದು ಅಪೆಂಡಿಕ್ಸ್ ಇರಬಹುದು. ಆಗ "ಪರೀಕ್ಷಾ ಅಂಜಿಕಿ" ಎಂದು ಕಾಯುತ್ತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಕೊಡಬಹುದಾ?

ಅಂಗಡಿಯಲ್ಲಿ "ಜುಲಾಬಿನ ಗುಳಿಗಿ ಕೊಡ್ರಿ" ಎಂದರೆ ಬಹಳ ಸಲ ಸಿಗುವುದು ಓಫ್ಲಾಕ್ಸಾಸಿನ್–ಆರ್ನಿಡಜೋಲ್ ಅಥವಾ ಮೆಟ್ರೋನಿಡಜೋಲ್. ಇವು ರೋಗಾಣು ಕೊಲ್ಲುವ ಮಾತ್ರೆಗಳು. ಇಲ್ಲಿ ಕೊಲ್ಲಲು ರೋಗಾಣುವೇ ಇಲ್ಲ. ಬಾಯಿ ಕಹಿ, ಹೊಟ್ಟೆ ತೊಳಸುವುದು ಮಾತ್ರ ಉಳಿಯುತ್ತದೆ. "ತಗೊಂಡ ಮೇಲೆ ನಿಂತಿತು" ಎನ್ನುತ್ತಾರೆ. ಪೇಪರ್ ಮುಗಿದಿದ್ದರಿಂದ ನಿಂತಿರುತ್ತದೆ.

ಕಡಿತಕ್ಕೆ ಕೊಡುವ ಡೈಸೈಕ್ಲೊಮಿನ್ ಸ್ನಾಯು ಸಡಿಲಿಸುವುದು ನಿಜ. ಆದರೆ ಕೆಲವರಿಗೆ ಬಾಯಿ ಒಣಗುತ್ತದೆ, ನಿದ್ದೆ ಬಂದಂತಾಗುತ್ತದೆ, ಅಕ್ಷರ ಮಸುಕಾಗಿ ಕಾಣುತ್ತದೆ. ಪ್ರಶ್ನೆಪತ್ರಿಕೆ ಓದಬೇಕಾದ ದಿನ ಅದು ಬೇಡವೇ ಬೇಡ.

ಲೋಪೆರಮೈಡ್ ಎಂಬುದು ಕರುಳಿನ ವೇಗವನ್ನೇ ತಗ್ಗಿಸುವ ಮಾತ್ರೆ. ಭಯದ ಭೇದಿಗೆ ಕೆಲಸ ಮಾಡುತ್ತದೆ. ಪ್ರತಿ ಪೇಪರ್‌ಗೂ ತೀರಾ ತೊಂದರೆಯಾಗುವ ಕೆಲವರಿಗೆ ವೈದ್ಯರು ಬರೆದುಕೊಡುವುದೂ ಉಂಟು. ಆದರೆ ಜ್ವರ ಅಥವಾ ರಕ್ತ ಇದ್ದರೆ ಅದನ್ನು ಮುಟ್ಟಬಾರದು, ಒಳಗಿನ ಸೋಂಕು ಒಳಗೇ ಉಳಿದು ಅಪಾಯವಾಗುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಹೃದಯದ ಬಡಿತವೇ ಏರುಪೇರಾಗಬಹುದು. ಕೆಲವರಿಗೆ ಆಮೇಲೆ ಎರಡು ದಿನ ಮಲಬದ್ಧತೆ, ಹೊಟ್ಟೆ ಉಬ್ಬರ. ವೈದ್ಯರು ಬರೆದುಕೊಟ್ಟರೂ ಮೊದಲ ಮಾತ್ರೆಯನ್ನು ಪರೀಕ್ಷೆ ದಿನ ನುಂಗಬೇಡಿ. ರಜೆ ದಿನ ಒಮ್ಮೆ ತೆಗೆದುಕೊಂಡು ಹೇಗಾಗುತ್ತದೆ ನೋಡಿ.

ಓಆರ್‌ಎಸ್ ಕೊಡಬೇಕಾ?

ಒಂದೆರಡು ಸಲ ಸ್ವಲ್ಪ ಹೋದರೆ ನೀರು, ಉಪ್ಪು ಹಾಕಿದ ಮಜ್ಜಿಗೆ ಸಾಕು. ನಾಲ್ಕೈದು ಸಲ ನೀರಾಗಿ ಹೋದರೆ ಕೊಡಿ. ದೊಡ್ಡ ಪೊಟ್ಟಣ ಒಂದು ಲೀಟರ್‌ಗೆ, ಸಣ್ಣದು 200 ಮಿಲಿಗೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿ ಕಲಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ. ಪ್ಯಾಕೆಟ್ ಜ್ಯೂಸ್ ಅದರ ಬದಲಿಗೆ ಆಗುವುದಿಲ್ಲ. ಅತಿ ಸಿಹಿ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ.

ಹಾಲ್‌ನಲ್ಲಿ ಕೂತ ಮೇಲೆ ಬಂದರೆ?

ಈ ಪ್ರಶ್ನೆಯೇ ಅರ್ಧ ಭೇದಿಗೆ ಕಾರಣ. "ಬಂದರೆ ಬಿಡುತ್ತಾರೋ ಇಲ್ಲವೋ" ಎಂಬ ಭಯ ಮತ್ತೆ ಕರುಳನ್ನು ಹಿಂಡುತ್ತದೆ. ಅದಕ್ಕೆ ಮೊದಲೇ ಉತ್ತರ ಸಿದ್ಧವಿರಲಿ. ಕೇಂದ್ರಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಶೌಚಾಲಯ ಎಲ್ಲಿದೆ, ನೀರಿದೆಯೇ ಎಂದು ಕಣ್ಣಾರೆ ನೋಡಿ ಬರಲಿ. ತೊಂದರೆ ಪದೇ ಪದೇ ಇದ್ದರೆ ಪಾಲಕರು ಹಿಂದಿನ ದಿನವೇ ಕಾಲೇಜಿನವರಿಗೆ ತಿಳಿಸಲಿ. ಕೊಠಡಿ ಮೇಲ್ವಿಚಾರಕರಿಗೆ "ಹೊಟ್ಟಿ ಸರಿ ಇಲ್ರಿ ಸರ್" ಎಂದು ಹೇಳಲು ನಾಚಿಕೆ ಬೇಡ. ಕೇಳಬಹುದು ಎಂದು ಗೊತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ.

ಕಡಿತ ಶುರುವಾದರೆ ಬೆನ್ನು ಒರಗಿಸಿ, ಹೊಟ್ಟೆ ಸಡಿಲ ಬಿಟ್ಟು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಎದೆ ಏರಬಾರದು, ಹೊಟ್ಟೆ ಏರಬೇಕು. ಉಸಿರು ನಿಧಾನಕ್ಕೆ ಹೊರಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಇಳಿಯುತ್ತದೆ, ದೇಹದ ಗಾಬರಿ ತಗ್ಗುತ್ತದೆ. ಎರಡು–ಮೂರು ನಿಮಿಷ ಸಾಕು. ಕರುಳು ಆ ಕ್ಷಣಕ್ಕೇ ನಿಲ್ಲುವುದಿಲ್ಲ, ನೋವಿನ ಅಲೆ ಮಾತ್ರ ಬೇಗ ಇಳಿಯುತ್ತದೆ. ಮನೆಯಲ್ಲಿ ದಿನಾ ಮಲಗುವ ಮುಂಚೆ ಐದು ನಿಮಿಷ ಮಾಡಿದವರಿಗೆ ಅಲ್ಲಿ ಒದಗುತ್ತದೆ. ಹಾಲ್‌ನಲ್ಲೇ ಮೊದಲ ಬಾರಿ ಮಾಡಿದರೆ ತಲೆ ತಿರುಗಬಹುದು.

ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಮಾಡಲಿ ಬಿಡಲಾ?

ಮಾಡಲಿ. ಅಜ್ಜಿ ಉಪ್ಪು, ಮೆಣಸಿನಕಾಯಿ ಇಳಿಸಿ ತಲೆ ಸವರಿದರೆ ಮಗುವಿಗೆ ಧೈರ್ಯ ಬರುತ್ತದೆ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದಾಗ ಮಾತ್ರ ಅದನ್ನೇ ನೆಚ್ಚಿಕೊಂಡು ತಡ ಮಾಡಬಾರದು.

ಮುಟ್ಟಿನ ಹೊತ್ತಿಗೇ ಪರೀಕ್ಷೆ ಬಂದರೆ ಜಾಸ್ತಿಯಾಗುತ್ತದೆ. ಸಂಬಂಧವಿದೆಯೇ?

ಇದೆ. ಮುಟ್ಟು ಶುರುವಾಗುವಾಗ ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಪಕ್ಕದ ಕರುಳನ್ನೂ ಹಿಂಡುತ್ತವೆ. ಮೊದಲ ಒಂದೆರಡು ದಿನ ಸಡಿಲವಾಗುವುದು ಬಹಳ ಹೆಣ್ಣುಮಕ್ಕಳಿಗೆ ಸಾಮಾನ್ಯ. ಅದರ ಮೇಲೆ ಪರೀಕ್ಷೆಯ ಭಯ ಸೇರಿದರೆ ಎರಡೂ ಕೂಡಿಕೊಳ್ಳುತ್ತವೆ. ಮುಟ್ಟು ಮುಂದೂಡುವ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತರಬೇಡಿ. ವೈದ್ಯರನ್ನು ಕೇಳಿ ನಿರ್ಧರಿಸಿ.

ಪರೀಕ್ಷೆ ಮುಗಿದ ಮೇಲೂ ಹೀಗೇ ಇದ್ದರೆ?

ಪರೀಕ್ಷೆ ಮುಗಿದ ಎರಡು–ಮೂರು ವಾರದಲ್ಲಿ ಹೊಟ್ಟೆ ಮಾಮೂಲಿಗೆ ಬರಬೇಕು. ಬರದಿದ್ದರೆ ತೋರಿಸಿ. ಮೂರು ತಿಂಗಳ ಕಾಲ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇದ್ದು, ಆ ನೋವಿಗೂ ಮಲ ಹೋಗುವುದಕ್ಕೂ ನಂಟಿದ್ದು, ಹೋಗುವ ಸಲ ಅಥವಾ ಮಲದ ರೂಪ ಬದಲಾಗಿದ್ದರೆ ವೈದ್ಯರು ಐಬಿಎಸ್ ಎಂಬ ತೊಂದರೆಯನ್ನು ಯೋಚಿಸುತ್ತಾರೆ. ಅದಕ್ಕೂ ಮುಂಚೆ ರಕ್ತ ಪರೀಕ್ಷೆ, ಮಲ ಪರೀಕ್ಷೆ, ಬೇಕಾದರೆ ಗೋಧಿ ಆಗದಿರುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಮಾಡಿಸುತ್ತಾರೆ. ಐಬಿಎಸ್‌ಗೆ ಊಟದ ಬದಲಾವಣೆ, ಮಾತ್ರೆಗಳ ಜೊತೆಗೆ ಆಪ್ತಸಮಾಲೋಚನೆಯೂ ಚಿಕಿತ್ಸೆಯ ಭಾಗವೇ. ಯೋಚನೆಯ ರೀತಿ ಬದಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಹೊಟ್ಟೆಯ ತೊಂದರೆಯೇ ಕಡಿಮೆಯಾಗುತ್ತದೆ.

ಹೊಟ್ಟೆಗಿಂತ ಭಯವೇ ದೊಡ್ಡದಾಗಿ ನಿದ್ದೆ, ಊಟ ಬಿಟ್ಟಿದ್ದರೆ, "ಬದುಕಿ ಏನು ಮಾಡಲಿ" ಎಂಬಂಥ ಮಾತು ಬಂದರೆ ಪರೀಕ್ಷೆ ಮುಗಿಯುವ ತನಕ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತಾಡಲು ಒಪ್ಪದಿದ್ದರೆ ಪಾಲಕರೇ ಮೊದಲು ಮಾಡಬಹುದು.